ಹಕ್ಕಿಯ ಆಶಯ ಎಂಟು–ಹತ್ತು ವಾಕ್ಯಗಳಲ್ಲಿ

ದ.ರಾ. ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ ಕವಿತೆ 1932ರಲ್ಲಿ ಬಂದ ‘ಗರಿ’ ಸಂಕಲನದ್ದು. ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಅದನ್ನು ಓದಿದ ಮಕ್ಕಳಿಗೆ ಏಳೂ ನುಡಿ ಬಾಯಿಪಾಠ ಬರುತ್ತದೆ. ಆದರೆ ‘ಈ ಪದ್ಯದ ಆಶಯವೇನು, ಎಂಟು–ಹತ್ತು ವಾಕ್ಯಗಳಲ್ಲಿ ಬರೆಯಿರಿ’ ಎಂದು ಕೇಳಿದಾಗ ಹೆಚ್ಚಿನವರು ಬರೆಯುವುದು ಆಶಯವನ್ನಲ್ಲ, ಸಾರಾಂಶವನ್ನು. ಮೊದಲ ನುಡಿಯಲ್ಲಿ ಕವಿ ಹೀಗೆ ಹೇಳುತ್ತಾರೆ, ಎರಡನೆಯದರಲ್ಲಿ ಹಾಗೆ ಎಂದು ಸಾಲುಸಾಲಾಗಿ ಹೋಗುತ್ತಾರೆ. ಉತ್ತರ ಮುಗಿಯುವ ಹೊತ್ತಿಗೆ ಹಕ್ಕಿಯ ಬಣ್ಣ ಗೊತ್ತಾಗಿರುತ್ತದೆ, ಆ ಹಕ್ಕಿ ಏನು ಮಾಡುತ್ತಿದೆ ಎಂಬುದು ಗೊತ್ತಾಗಿರುವುದಿಲ್ಲ.

ಆಶಯ ಎಂದರೆ ಇಡೀ ಪದ್ಯದ ಬಗ್ಗೆ ಹೇಳಬಹುದಾದ ಒಂದೇ ಮಾತು. ಹಕ್ಕಿ ಎಂದರೆ ಕಾಲ ಎಂದಷ್ಟೇ ಬರೆದರೆ ಅದು ಅರ್ಧ ಉತ್ತರ. ಕವಿತೆ ಇದನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ, ಓದುಗನೇ ಗುರುತಿಸಬೇಕು ನಿಜ. ಆದರೆ ಕಾಲದ ಬಗ್ಗೆ ಕವಿತೆ ಹೇಳುವುದೇನು ಎಂಬಲ್ಲಿಂದ ನಿಜವಾದ ಉತ್ತರ ಶುರುವಾಗುತ್ತದೆ. ಅದಕ್ಕೆ ಪುಸ್ತಕ ತೆರೆದು ನಾಲ್ಕು ಮತ್ತು ಐದನೆಯ ನುಡಿಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ನಾಲ್ಕನೆಯದರಲ್ಲಿ ಸಾಮ್ರಾಜ್ಯಗಳು ಕಣದಲ್ಲಿ ಒಕ್ಕುವ ಪೈರಿನಂತಾಗಿವೆ, ದೊಡ್ಡ ದೊಡ್ಡ ದೊರೆಗಳ ತಲೆಯ ಮೇಲೆ ಹಕ್ಕಿಯ ಕೊಕ್ಕು ಬೀಳುತ್ತದೆ. ಐದನೆಯದರಲ್ಲಿ ಅದೇ ಹಕ್ಕಿ ರೆಕ್ಕೆ ಬೀಸಿ ಜೀವ ತುಂಬುತ್ತದೆ, ಹೊಸದಾಗಿ ಹುಟ್ಟಿದವರನ್ನು ಹರಸುತ್ತದೆ. ಕೆಡಹುವುದೂ ಕಟ್ಟುವುದೂ ಒಂದೇ ಹಕ್ಕಿಯ ಕೆಲಸ. ಪದ್ಯದ ತಿರುಳು ಇಲ್ಲಿದೆ.

ಇಷ್ಟು ಸಿಕ್ಕಿದ ಮೇಲೆ ಮಾದರಿ ಉತ್ತರ ಹೀಗೆ ಬರಬಹುದು. ಕವಿತೆಯ ಮಾತು ಬರಬೇಕಾದ ಜಾಗಗಳನ್ನು ಆವರಣದಲ್ಲಿ ತೋರಿಸಿದೆ. ಪರೀಕ್ಷೆಯಲ್ಲಿ ಅಲ್ಲಿ ಪದ್ಯದ ಮಾತನ್ನೇ ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು.

“ಬೇಂದ್ರೆಯವರು ಈ ಕವಿತೆಯಲ್ಲಿ ಕಾಲವನ್ನು ಹಾರುವ ಹಕ್ಕಿಯಾಗಿ ಕಂಡಿದ್ದಾರೆ. ಹಳೆಯದನ್ನು ಅಳಿಸಿ ಹೊಸದಕ್ಕೆ ದಾರಿ ಮಾಡುವ ಕಾಲದ ಶಕ್ತಿಯೇ ಕವಿತೆಯ ಆಶಯ.

“ಈ ಹಕ್ಕಿಗೆ ತಡೆಯಿಲ್ಲ. ರಾತ್ರಿ ಕಳೆದು ಹಗಲಾಗುವ ನಿತ್ಯದ ಓಟದಲ್ಲಿ ಅದು (ಮೊದಲ ನುಡಿಯಲ್ಲಿ ರೆಪ್ಪೆಯ ಮಾತು ಬರುವ ಸಾಲು) ಎಂಬಷ್ಟು ಬೇಗ ಬಹುದೂರ ಸಾಗುತ್ತದೆ. ಕ್ಷಣಕ್ಕೂ ಯುಗಕ್ಕೂ ಇಲ್ಲಿ ಒಂದೇ ರೆಕ್ಕೆ.

“ಕಾಲದ ಎದುರು ಅಧಿಕಾರ ನಿಲ್ಲದು. (ನಾಲ್ಕನೆಯ ನುಡಿಯ ಕೊನೆಯ ಅರ್ಧ ಸಾಲು) ಎಂಬ ಮಾತಿನಲ್ಲಿ ಚಕ್ರವರ್ತಿಯೂ ಹಕ್ಕಿಯ ಕೊಕ್ಕಿಗೆ ಕಾಳಿನಷ್ಟೇ ಚಿಕ್ಕವನು. ಆದರೆ ಕಾಲ ಕೇವಲ ನಾಶವಲ್ಲ. ಮುಂದಿನ ನುಡಿಯಲ್ಲೇ ಅದು (ಹರಸುವ ಮಾತಿರುವ ಸಾಲು) ಎಂದು ತಾಯಿಯಂತೆ ಕಾಣಿಸಿಕೊಳ್ಳುತ್ತದೆ.

“ಕೊನೆಗೆ ಹಕ್ಕಿ ದಿಕ್ಕುಗಳ ಅಂಚನ್ನೂ ದಾಟಿ ಕೊಕ್ಕು ಚಾಚುತ್ತದೆ. ಅದರ ಉದ್ದೇಶ ಯಾರಿಗೂ ತಿಳಿಯದು ಎನ್ನುವಲ್ಲಿ ಮನುಷ್ಯನ ಅರಿವಿನ ಮಿತಿಯನ್ನೂ ಕವಿ ಸೂಚಿಸುತ್ತಾರೆ.”

ಮೂರು ಕಡೆ ಕವಿತೆಯ ಮಾತಿಗೆ ಜಾಗವಿದೆ, ಮೂರೂ ಚಿಕ್ಕವು. ಮೂರರ ಸುತ್ತಲೂ ವಿದ್ಯಾರ್ಥಿಯ ಸ್ವಂತ ಮಾತಿದೆ. ಚಕ್ರವರ್ತಿ ಕಾಳಿನಷ್ಟು ಚಿಕ್ಕವನು ಎಂಬ ವಾಕ್ಯ ಪಠ್ಯದಲ್ಲಿಲ್ಲ, ಸಾಲನ್ನು ಓದಿ ಅರ್ಥ ಮಾಡಿಕೊಂಡವರು ಬರೆಯುವ ವಾಕ್ಯ ಅದು. ಇದನ್ನು ಬಿಟ್ಟು ನಾಲ್ಕೂ ಸಾಲುಗಳನ್ನು ಇಳಿಸಿದರೆ ನೆನಪಿನ ಶಕ್ತಿ ಮಾತ್ರ ಕಾಣುತ್ತದೆ. ಪ್ರತಿ ನುಡಿಯ ಕೊನೆಗೆ ಬರುವ ಪಲ್ಲವಿಯನ್ನು ಪ್ರತಿ ಪ್ಯಾರಾದಲ್ಲೂ ತುರುಕುವ ಅಭ್ಯಾಸವೂ ಹೀಗೆಯೇ. ಪಲ್ಲವಿ ಯಾವ ಪ್ಯಾರಾದ ಮಾತಿಗೂ ವಿಶೇಷ ಆಧಾರವಾಗುವುದಿಲ್ಲ. ಅದನ್ನು ಬಳಸಲೇಬೇಕೆಂದರೆ ಕವಿ ಯಾಕೆ ಪ್ರಶ್ನೆಯ ರೂಪದಲ್ಲಿ ಕೇಳುತ್ತಾರೆ ಎಂದು ವಿವರಿಸುವಾಗ ಬಳಸಬೇಕು: ಕಾಲ ಕಣ್ಣೆದುರೇ ಹಾರುತ್ತಿದ್ದರೂ ನಾವು ಗಮನಿಸುವುದಿಲ್ಲ.

ಎಡವುವ ಇನ್ನೊಂದು ಜಾಗ ಆರನೆಯ ನುಡಿ. ಅಲ್ಲಿ ಶುಕ್ರ, ಚಂದ್ರ, ಮಂಗಳ ಬರುತ್ತವೆ. ಅದನ್ನು ನೋಡಿ ಕವಿ ಚಂದ್ರಯಾನವನ್ನು ವರ್ಣಿಸಿದ್ದಾರೆ ಎಂದು ಬರೆದರೆ ತಪ್ಪು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ, ಕವಿತೆ ಅದಕ್ಕಿಂತ ಮೂವತ್ತೇಳು ವರ್ಷ ಮೊದಲೇ ಅಚ್ಚಾಗಿತ್ತು. ಇಂದಿನ ಓದುಗರಿಗೆ ಈ ನುಡಿ ಮನುಷ್ಯನ ಬಾಹ್ಯಾಕಾಶ ಸಾಹಸವನ್ನು ನೆನಪಿಸುತ್ತದೆ ಎಂದು ಬರೆಯಬಹುದು, ಅದರಲ್ಲಿ ದೋಷವಿಲ್ಲ. ಆಶಯದ ಉತ್ತರದಲ್ಲಿ ಅದಕ್ಕೆ ಒಂದು ವಾಕ್ಯ ಸಾಕು. ಬಣ್ಣಗಳ ಎರಡನೆಯ ನುಡಿಗೂ ಅಷ್ಟೇ.

ಸಮಯ ಕಡಿಮೆಯಿದ್ದರೆ ಮೊದಲ ನುಡಿಯ ಪ್ಯಾರಾ ಕೈಬಿಡಬಹುದು. ನಾಲ್ಕು–ಐದನೆಯ ನುಡಿಗಳ ಪ್ಯಾರಾ ಬಿಡುವಂತಿಲ್ಲ. ಸಾಲು ಪೂರ್ತಿ ನೆನಪಾಗದಿದ್ದರೆ ಖಚಿತವಾಗಿ ಗೊತ್ತಿರುವ ಎರಡು ಪದವನ್ನಷ್ಟೇ ಚಿಹ್ನೆಯೊಳಗಿಟ್ಟು, ಉಳಿದದ್ದನ್ನು ಸ್ವಂತ ಮಾತಿನಲ್ಲಿ ಹೇಳುವುದು ಲೇಸು. ಊಹಿಸಿ ಬರೆದ ಸಾಲು ಬೇಂದ್ರೆಯವರ ಪ್ರಾಸವನ್ನು ಕೆಡಿಸುತ್ತದೆ, ಪದ್ಯ ಬಲ್ಲ ಮೌಲ್ಯಮಾಪಕರಿಗೆ ಅದು ಕೂಡಲೇ ಗೊತ್ತಾಗುತ್ತದೆ.