ಊರಿಗೂ ಜನಸಂಖ್ಯೆಗೂ ಹೋಲಿಕೆಯೇ?

‘ಬೆಂಗಳೂರಿನ ಜನಸಂಖ್ಯೆ ಮೈಸೂರಿಗಿಂತ ಹೆಚ್ಚು.’ ಪತ್ರಿಕೆ, ಪಠ್ಯಪುಸ್ತಕ, ಭಾಷಣಗಳಲ್ಲಿ ಇಂಥ ವಾಕ್ಯ ಆಗಾಗ ಕಾಣಸಿಗುತ್ತದೆ. ಓದಿದವರಿಗೆ ಅರ್ಥವೂ ಆಗುತ್ತದೆ. ಆದರೆ ವಾಕ್ಯದಲ್ಲಿ ಇರುವುದನ್ನಷ್ಟೇ ತೆಗೆದುಕೊಂಡರೆ ಒಂದು ಕಡೆ ಬೆಂಗಳೂರಿನ ಜನಸಂಖ್ಯೆ ಇದೆ, ಇನ್ನೊಂದು ಕಡೆ ಮೈಸೂರು ಎಂಬ ಊರು ಇದೆ. ಜನಸಂಖ್ಯೆ ಒಂದು ಎಣಿಕೆ. ಮೈಸೂರು ಒಂದು ಸ್ಥಳ. ಎಣಿಕೆ ಸ್ಥಳಕ್ಕಿಂತ ಹೆಚ್ಚಾಗುವುದು ಸಾಧ್ಯವಿಲ್ಲ. ಹೇಳಬೇಕಾಗಿದ್ದದ್ದು ಎರಡು ಊರುಗಳ ಜನಸಂಖ್ಯೆಯ ಮಾತು. ಎರಡನೆಯ ಜನಸಂಖ್ಯೆ ವಾಕ್ಯದಿಂದ ಬಿಟ್ಟುಹೋಗಿದೆ. ಹೀಗೆ ಒಂದು ಜಾತಿಯದನ್ನು ಇನ್ನೊಂದು ಜಾತಿಯದರ ಜೊತೆ ಅಳೆಯುವುದನ್ನು ತರ್ಕಕ್ಕೆ ಕೂಡದ ಹೋಲಿಕೆ ಎನ್ನಬಹುದು.

ಈ ತಪ್ಪು ಕನ್ನಡದಲ್ಲಿ ಸುಲಭವಾಗಿ ನುಸುಳುವುದಕ್ಕೆ ಕಾರಣವಿದೆ. ‘ಮೈಸೂರಿಗಿಂತ’ ಎಂಬ ರೂಪ ‘ಮೈಸೂರಿಗೆ’ ಎಂಬ ಚತುರ್ಥಿಗೆ ‘ಇಂತ’ ಸೇರಿ ಆದದ್ದು. ಹೋಲಿಕೆಯಲ್ಲಿ ಹಿಂದಿನ ಪದ ಯಾವ ವಿಭಕ್ತಿಯಲ್ಲಿ ಬರಬೇಕಾಗಿತ್ತು ಎಂಬುದನ್ನು ಈ ರೂಪ ಅಳಿಸಿಹಾಕುತ್ತದೆ. ‘ಮೈಸೂರು’, ‘ಮೈಸೂರಿನ’, ‘ಮೈಸೂರಿನಲ್ಲಿ’ ಎಂಬ ಮೂರೂ ‘ಮೈಸೂರಿಗಿಂತ’ ಎಂಬ ಒಂದೇ ರೂಪಕ್ಕೆ ಇಳಿದುಬಿಡುತ್ತವೆ. ಮಾತನಾಡುವವರ ಮನಸ್ಸಿನಲ್ಲಿ ‘ಮೈಸೂರಿನ ಜನಸಂಖ್ಯೆ’ ಇದ್ದರೂ ಬಾಯಿಗೆ ಬರುವುದು ‘ಮೈಸೂರಿಗಿಂತ’ ಮಾತ್ರ.

ತಪ್ಪನ್ನು ಕಂಡುಹಿಡಿಯುವ ಬಗೆ ಸರಳ. ‘ಗಿಂತ’ ಅಥವಾ ‘ಕ್ಕಿಂತ’ ಹತ್ತಿದ ಪದವನ್ನು ವಾಕ್ಯದಿಂದ ಬಿಡಿಸಿ ತೆಗೆಯಬೇಕು. ಅದು ಯಾವುದರ ಜೊತೆ ತೂಗುತ್ತಿದೆಯೋ ಆ ಪದವನ್ನೂ ತೆಗೆದು ಎರಡನ್ನೂ ಅಕ್ಕಪಕ್ಕ ಇಡಬೇಕು. ನಂತರ ಎರಡನ್ನೂ ಒಂದೇ ಮಾನದಲ್ಲಿ ಅಳೆಯಬಹುದೇ ಎಂದು ಕೇಳಿಕೊಳ್ಳಬೇಕು. ಮೇಲಿನ ವಾಕ್ಯದಲ್ಲಿ ಸಿಗುವ ಜೋಡಿ ‘ಜನಸಂಖ್ಯೆ, ಮೈಸೂರು’. ಇವನ್ನು ಅಳೆಯುವ ಒಂದೇ ಮಾನ ಇಲ್ಲ. ‘ರೈತನ ಸಾಲ ಅವನ ಆದಾಯಕ್ಕಿಂತ ಹೆಚ್ಚು’ ಎಂಬಲ್ಲಿ ಸಿಗುವ ಜೋಡಿ ‘ಸಾಲ, ಆದಾಯ’. ಪದಗಳು ಬೇರೆಯಾದರೂ ಎರಡೂ ರೂಪಾಯಿಯ ಲೆಕ್ಕ. ಹಾಗಾಗಿ ಈ ವಾಕ್ಯದಲ್ಲಿ ದೋಷವಿಲ್ಲ. ಎರಡೂ ಕಡೆ ಅದೇ ಪದ ಇರಲೇಬೇಕು ಎಂಬ ನಿಯಮವಿಲ್ಲ. ಎರಡೂ ಒಂದೇ ಅಳತೆಗೆ ಸಿಗಬೇಕು, ಅಷ್ಟೆ.

ಕೆಟ್ಟ ಹೋಲಿಕೆಯನ್ನು ಮೂರು ಬಗೆಯಲ್ಲಿ ಸರಿಪಡಿಸಬಹುದು. ಮೊದಲನೆಯದು, ಬಿಟ್ಟುಹೋದ ನಾಮಪದವನ್ನು ಮತ್ತೆ ಬರೆಯುವುದು: ‘ಬೆಂಗಳೂರಿನ ಜನಸಂಖ್ಯೆ ಮೈಸೂರಿನ ಜನಸಂಖ್ಯೆಗಿಂತ ಹೆಚ್ಚು.’ ಇದರಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. ಕಾನೂನಿನ ಬರಹ, ವರದಿ, ಪರೀಕ್ಷೆಯ ಪ್ರಶ್ನೆಗಳಿಗೆ ಇದೇ ಸೂಕ್ತ. ಒಂದೇ ಪದ ಎರಡು ಸಲ ಬಂದು ವಾಕ್ಯ ಸ್ವಲ್ಪ ಭಾರವಾಗುತ್ತದೆ ಎಂಬುದಷ್ಟೇ ಇದರ ಕೊರತೆ.

ಎರಡನೆಯದು, ನಾಮಪದದ ಬದಲು ಸರ್ವನಾಮದ ರೂಪ ಬಳಸುವುದು: ‘ಬೆಂಗಳೂರಿನ ಜನಸಂಖ್ಯೆ ಮೈಸೂರಿನದಕ್ಕಿಂತ ಹೆಚ್ಚು.’ ಇಲ್ಲಿ ‘ಮೈಸೂರಿನದು’ ಎಂದರೆ ಮೈಸೂರಿನ ಜನಸಂಖ್ಯೆ. ಹೋಲಿಸುತ್ತಿರುವುದು ಬಹುವಚನದಲ್ಲಿದ್ದರೆ ‘ಮೈಸೂರಿನವುಗಳಿಗಿಂತ’ ಎಂದಾಗುತ್ತದೆ, ಮನುಷ್ಯರಾದರೆ ‘ಮೈಸೂರಿನವರಿಗಿಂತ’ ಎಂದಾಗುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ‘ಬೆಂಗಳೂರಿನ ವೈದ್ಯರ ಆದಾಯ ಮೈಸೂರಿನವರಿಗಿಂತ ಹೆಚ್ಚು’ ಎಂದು ಬರೆದರೆ ರಿಪೇರಿ ಅರ್ಧಕ್ಕೇ ನಿಂತಂತೆ. ‘ಮೈಸೂರಿನವರು’ ವೈದ್ಯರಾದರು ನಿಜ, ಆದರೆ ಆದಾಯವನ್ನು ಈಗಲೂ ಮನುಷ್ಯರ ಜೊತೆಗೇ ತೂಗಲಾಗುತ್ತಿದೆ. ಇಲ್ಲಿ ‘ಮೈಸೂರಿನ ವೈದ್ಯರ ಆದಾಯಕ್ಕಿಂತ’ ಎಂದೇ ಬರೆಯಬೇಕಾಗುತ್ತದೆ.

ಮೂರನೆಯದು, ವಾಕ್ಯವನ್ನೇ ತಿರುಗಿಸಿ ಊರನ್ನು ಊರಿನ ಜೊತೆಗೇ ನಿಲ್ಲಿಸುವುದು: ‘ಮೈಸೂರಿಗಿಂತ ಬೆಂಗಳೂರಿನಲ್ಲಿ ಹೆಚ್ಚು ಜನರಿದ್ದಾರೆ.’ ಕನ್ನಡದ ಕಿವಿಗೆ ಹೆಚ್ಚು ಒಗ್ಗುವುದು ಇದೇ. ಈಗ ಎರಡೂ ಕಡೆ ಸ್ಥಳಗಳೇ ಇವೆ. ಯಾವ ವಿಷಯದಲ್ಲಿ ಹೆಚ್ಚು ಎಂಬುದನ್ನು ವಾಕ್ಯದ ಉಳಿದ ಭಾಗ ಹೇಳುತ್ತದೆ. ‘ಜನಸಂಖ್ಯೆಯಲ್ಲಿ ಬೆಂಗಳೂರು ಮೈಸೂರಿಗಿಂತ ಮುಂದಿದೆ’ ಎಂಬುದೂ ಇದೇ ಬಗೆಯದು.

ಹೇಗೂ ಅರ್ಥವಾಗುತ್ತದೆ ಎಂದಮೇಲೆ ಇಷ್ಟು ತಿದ್ದುವುದು ಏಕೆ ಎಂಬ ಪ್ರಶ್ನೆ ಏಳುತ್ತದೆ. ಮಾತಿನಲ್ಲಿ ‘ಈ ವರ್ಷದ ಮಳೆ ಹೋದ ವರ್ಷಕ್ಕಿಂತ ಜಾಸ್ತಿ’ ಎಂದರೆ ಯಾರಿಗೂ ಗೊಂದಲವಾಗುವುದಿಲ್ಲ. ಮಳೆ ವರ್ಷಕ್ಕಿಂತ ಜಾಸ್ತಿ ಎಂಬ ಅರ್ಥ ಅಸಾಧ್ಯವಾದ್ದರಿಂದ ಕೇಳುವವರು ತಾವೇ ತಿದ್ದಿಕೊಳ್ಳುತ್ತಾರೆ. ತಪ್ಪು ಅರ್ಥವೂ ಸಾಧ್ಯವಾದಾಗ ಮಾತ್ರ ತೊಂದರೆ ಶುರುವಾಗುತ್ತದೆ. ‘ಅಕ್ಕನ ಜಡೆ ಪುಟ್ಟಿಗಿಂತ ಉದ್ದ’ ಎಂಬ ವಾಕ್ಯವನ್ನು ನೋಡಬಹುದು. ಜಡೆಗೂ ಉದ್ದವಿದೆ, ಪುಟ್ಟಿಗೂ ಎತ್ತರವಿದೆ. ಅಕ್ಕನ ಜಡೆ ಪುಟ್ಟಿಯ ಜಡೆಗಿಂತ ಉದ್ದವೋ, ಪುಟ್ಟಿಯ ಎತ್ತರವನ್ನೇ ಮೀರಿಸುವಷ್ಟು ಉದ್ದವೋ ವಾಕ್ಯದಿಂದ ತಿಳಿಯುವುದಿಲ್ಲ. ‘ಪುಟ್ಟಿಯ ಜಡೆಗಿಂತ’ ಎಂದರೆ ಸಂದೇಹ ತೀರುತ್ತದೆ.

ವಿಭಕ್ತಿ ಅಳಿಸಿಹೋಗುವುದರಿಂದ ಆಗುವ ಇನ್ನೊಂದು ಗೊಂದಲವೂ ಇದೆ. ‘ತಂಗಿ ನನಗಿಂತ ಅಜ್ಜಿಯನ್ನು ಹೆಚ್ಚು ಹಚ್ಚಿಕೊಂಡಿದ್ದಾಳೆ’ ಎಂಬಲ್ಲಿ ‘ನಾನು’ ಮತ್ತು ‘ನನ್ನನ್ನು’ ಎರಡೂ ‘ನನಗಿಂತ’ ಆಗಿವೆ. ಅಜ್ಜಿಯನ್ನು ಹಚ್ಚಿಕೊಳ್ಳುವುದರಲ್ಲಿ ನನಗೂ ತಂಗಿಗೂ ಹೋಲಿಕೆಯೋ, ತಂಗಿಯ ಪ್ರೀತಿಗೆ ನಾನೂ ಅಜ್ಜಿಯೂ ಪಾಲುದಾರರೋ? ಕ್ರಿಯಾಪದವನ್ನು ಮರಳಿ ತಂದರೆ ಉತ್ತರ ಸಿಗುತ್ತದೆ: ‘ನಾನು ಹಚ್ಚಿಕೊಂಡಿರುವುದಕ್ಕಿಂತ ಹೆಚ್ಚಾಗಿ ತಂಗಿ ಅಜ್ಜಿಯನ್ನು ಹಚ್ಚಿಕೊಂಡಿದ್ದಾಳೆ’ ಎಂಬುದು ಒಂದು ಅರ್ಥ, ‘ತಂಗಿಗೆ ನನ್ನ ಮೇಲಿರುವುದಕ್ಕಿಂತ ಅಜ್ಜಿಯ ಮೇಲೆ ಪ್ರೀತಿ ಹೆಚ್ಚು’ ಎಂಬುದು ಇನ್ನೊಂದು.

ವ್ಯಾಕರಣ ಸರಿಯಾದ ಮೇಲೂ ಹೋಲಿಕೆ ತಪ್ಪಬಹುದು. ಮತ್ತೆ ಬೆಂಗಳೂರು, ಮೈಸೂರುಗಳನ್ನೇ ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. 2011ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿದ್ದವರು ಸುಮಾರು 84 ಲಕ್ಷ ಜನ. ಬೆಂಗಳೂರು ನಗರ ಜಿಲ್ಲೆಯಲ್ಲಿದ್ದವರು ಸುಮಾರು 96 ಲಕ್ಷ. ಮೈಸೂರು ನಗರದಲ್ಲಿ ಸುಮಾರು 9 ಲಕ್ಷ ಜನರಿದ್ದರೆ ಮೈಸೂರು ಜಿಲ್ಲೆಯಲ್ಲಿ ಸುಮಾರು 30 ಲಕ್ಷ ಜನರಿದ್ದರು. ನಗರಕ್ಕೆ ನಗರವನ್ನು ಹೋಲಿಸಿದರೆ ಬೆಂಗಳೂರಿನ ಜನಸಂಖ್ಯೆ ಮೈಸೂರಿನ ಒಂಬತ್ತು ಪಟ್ಟಿನಷ್ಟು. ಜಿಲ್ಲೆಗೆ ಜಿಲ್ಲೆಯನ್ನು ಹೋಲಿಸಿದರೆ ಅದು ಮೂರು ಪಟ್ಟಿನ ಆಸುಪಾಸು ಮಾತ್ರ. ಬೆಂಗಳೂರು ಪಾಲಿಕೆಯ ಅಂಕಿಯನ್ನು ಮೈಸೂರು ಜಿಲ್ಲೆಯ ಅಂಕಿಯ ಜೊತೆ ಇಟ್ಟರೆ ಮೂರು ಪಟ್ಟೂ ಆಗುವುದಿಲ್ಲ, ಆ ಲೆಕ್ಕಕ್ಕೆ ಅರ್ಥವೂ ಇರುವುದಿಲ್ಲ.

ಈ ಕೊನೆಯ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ‘ಬೆಂಗಳೂರಿನ ಜನಸಂಖ್ಯೆ ಮೈಸೂರಿನ ಜನಸಂಖ್ಯೆಗಿಂತ ಹೆಚ್ಚು’ ಎಂಬ ತಿದ್ದಿದ ವಾಕ್ಯದಲ್ಲಿಯೂ ಅದು ಅಡಗಿ ಕೂರಬಲ್ಲದು, ಏಕೆಂದರೆ ಎರಡೂ ಹೆಸರುಗಳು ನಗರಕ್ಕೂ ಜಿಲ್ಲೆಗೂ ಸಲ್ಲುತ್ತವೆ. ಹಾಗಾಗಿ ಅಂಕಿಅಂಶದ ಹೋಲಿಕೆಯಲ್ಲಿ ನಾಮಪದದ ಜೊತೆಗೆ ಗಡಿ ಯಾವುದು, ವರ್ಷ ಯಾವುದು ಎಂಬುದೂ ವಾಕ್ಯದಲ್ಲಿ ಇರಬೇಕು: ‘2011ರ ಜನಗಣತಿಯ ಪ್ರಕಾರ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ಮೈಸೂರು ನಗರಕ್ಕಿಂತ ಸುಮಾರು 75 ಲಕ್ಷ ಹೆಚ್ಚು ಜನರಿದ್ದರು.’