ಸ್ಲೈಡಿಗೆ ಇಳಿದ ಭಾಮಿನಿ

ಇನ್‌ಸ್ಟಾಗ್ರಾಂನಲ್ಲಿ ಬೆರಳಿನಿಂದ ಸರಿಸುತ್ತ ಓದುವ ಕವಿತೆಗಳನ್ನು ನೀವು ನೋಡಿರಬಹುದು. ಒಂದು ಸ್ಲೈಡಿಗೆ ಒಂದು ದ್ವಿಪದಿ ಅಥವಾ ಒಂದು ಪದ್ಯ. ಇದನ್ನು ಕ್ಯಾರೊಸೆಲ್ ಎನ್ನುತ್ತಾರೆ. ನವ್ಯದ ಗದ್ಯಲಯಕ್ಕೆ ಇದು ಸುಲಭವಾಗಿ ಒಗ್ಗುತ್ತದೆ. ಆದರೆ ಛಂದಸ್ಸಿನ ಪದ್ಯವನ್ನು ಹಾಕಹೊರಟರೆ ಸಾಲು ಎಲ್ಲಿ ಮುರಿಯಬೇಕೆಂಬ ಪ್ರಶ್ನೆ ಎದುರಾಗುತ್ತದೆ.

ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯನ್ನೇ ತೆಗೆದುಕೊಳ್ಳಿ. ಅದರ 1, 2, 4, 5ನೇ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು 14 ಮಾತ್ರೆ. 3 ಮತ್ತು 6ನೇ ಸಾಲುಗಳಲ್ಲಿ ಅದೇ ನಡೆ ಇನ್ನೊಂದು ಸುತ್ತು ಹೋಗಿ ಕೊನೆಗೊಂದು ಗುರುವಿನಲ್ಲಿ ನಿಲ್ಲುತ್ತದೆ, ಒಟ್ಟು 23. ಲೆಕ್ಕ ತೋರಿಸಲೆಂದು ನಾನೇ ಹೊಸೆದ ಅರ್ಧ ಪದ್ಯ ಇಲ್ಲಿದೆ (ಕಾವ್ಯವೆಂದು ಅಳೆಯಬೇಡಿ):

ಮಳೆಯ ಹನಿಗಳು ಮುಗಿಲ ಬಿಟ್ಟವು
ಇಳೆಯ ಒಡಲಿಗೆ ತಂಪು ತಂದವು
ಬೆಳೆಯ ನೆನೆಯುತ ಅಜ್ಜ ನಕ್ಕನು
  ಹೊಲದ ಬದುವಿನಲೇ

ಮೂರನೆಯ ಸಾಲು ಫೋನಿನ ಅಗಲಕ್ಕೆ ಹಿಡಿಸುವುದಿಲ್ಲ. ಆ್ಯಪಿನ ಪಾಡಿಗೆ ಬಿಟ್ಟರೆ ಅದು ಜಾಗ ಮುಗಿದಲ್ಲಿ ಕತ್ತರಿಸುತ್ತದೆ. 'ಅಜ್ಜ' ಆದಮೇಲೆ ಮುರಿದರೆ ಮುಂದಿನ ಸಾಲು 'ನಕ್ಕನು' ಎಂಬ ನಾಲ್ಕು ಮಾತ್ರೆಯಿಂದ ಶುರುವಾಗಿ, ಓದುವವರ ನಾಲಿಗೆ ಎಡವುತ್ತದೆ. 14 ಮಾತ್ರೆ ಮುಗಿದಲ್ಲಿ ನಾವೇ ಎಂಟರ್ ಒತ್ತಿ, ಉಳಿದದ್ದನ್ನು ತುಸು ಒಳಗೆ ಸರಿಸಿ ಬರೆದರೆ ಮೂರು-ನಾಲ್ಕರ ನಡೆ ಉಳಿಯುತ್ತದೆ. ಇದು ಹೊಸ ಸಾಲಲ್ಲ, ಹಿಂದಿನದರ ಬಾಲ ಎಂದು ಕಣ್ಣಿಗೂ ತಿಳಿಯುತ್ತದೆ.

ಸ್ಲೈಡುಗಳ ಹಂಚಿಕೆಯೂ ಹೀಗೆಯೇ. ನೋಡಲು ಸಮವಾಗಿರಲೆಂದು ಆರು ಸಾಲನ್ನು ಎರಡೆರಡರಂತೆ ಮೂರು ಸ್ಲೈಡಿಗೆ ಹಾಕುವುದುಂಟು. ಆಗ ಮೂರನೆಯ ಸಾಲು ತನ್ನ ಜೊತೆಯ ಎರಡು ಸಾಲುಗಳಿಂದ ಬೇರೆಯಾಗುತ್ತದೆ. ಷಟ್ಪದಿ ಉಸಿರು ತೆಗೆದುಕೊಳ್ಳುವುದು ಮೂರನೆಯ ಸಾಲಿನ ಗುರುವಿನ ಮೇಲೆ. ಬೆರಳು ಸರಿಸುವ ಕ್ಷಣವೂ ಅಲ್ಲಿಗೇ ಬರಬೇಕು. ಪದ್ಯಕ್ಕೆ ಎರಡು ಸ್ಲೈಡು ಸಾಕು. ಈಗ ಒಂದು ಪೋಸ್ಟಿಗೆ 20 ಸ್ಲೈಡುಗಳಿಗೆ ಅವಕಾಶವಿರುವುದರಿಂದ ಹತ್ತು ಷಟ್ಪದಿಗಳು ಹಿಡಿಸುತ್ತವೆ.

ಸಾಲುಗಳನ್ನು ನಡುವಿಗೆ ಜೋಡಿಸುವುದು ಈಗಿನ ರೂಢಿ. ನನಗದು ಹಿಡಿಸದು. ಎಡಕ್ಕೆ ಜೋಡಿಸಿದರೆ ಮಳೆ, ಇಳೆ, ಬೆಳೆಗಳ 'ಳೆ' ಒಂದರ ಕೆಳಗೊಂದು ಬಂದು ದ್ವಿತೀಯಾಕ್ಷರ ಪ್ರಾಸ ಕಣ್ಣಿಗೇ ಕಾಣುತ್ತದೆ. ನಡುವಿಗೆ ತಂದರೆ ಅದು ಚದುರುತ್ತದೆ. ಸಾಲುಗಳ ನಡುವಿನ ಅಂತರವನ್ನೂ ಇಂಗ್ಲಿಷಿಗಿಂತ ಹೆಚ್ಚು ಬಿಡಬೇಕು, ಇಲ್ಲವಾದರೆ 'ಬಿಟ್ಟವು'ವಿನ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆ.

ಅಕ್ಷರದ ಗಾತ್ರವನ್ನು ಅತಿ ಉದ್ದದ 14 ಮಾತ್ರೆಯ ಸಾಲಿಗೆ ಗೊತ್ತುಮಾಡಿ ಎಲ್ಲ ಸ್ಲೈಡಿಗೂ ಅದನ್ನೇ ಇಡಿ. ಫಾಂಟ್ ಬದಲಿಸಿದರೆ ಅಕ್ಷರದ ಅಗಲ ಬದಲಾಗಿ ಸಾಲು ಮತ್ತೆ ಮುರಿಯಬಹುದು. ಹಾಗಾಗಿ ಚಿತ್ರವಾಗಿ ಉಳಿಸಿದ ಮೇಲೆ ಫೋನಿನಲ್ಲೇ ತೆರೆದು ಗಟ್ಟಿಯಾಗಿ ಓದಿ ನೋಡಬೇಕು. ಚಿತ್ರವಾದ ಸಾಲು ಮತ್ತೆ ಕದಲದು. ಆದರೆ ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಚಿತ್ರದೊಳಗಿನ ಪದ್ಯ ಸರಿಯಾಗಿ ದಕ್ಕದಿರಬಹುದು. ಅವರಿಗಾಗಿ ಪದ್ಯವನ್ನು ಕೆಳಗಿನ ಬರಹದಲ್ಲಿ ಇನ್ನೊಮ್ಮೆ ಟೈಪಿಸಿ.