ಬಿಲ್ ಬುಕ್ಕಿನಲ್ಲಿ ಕಾಣೆಯಾದ ನಂಬರು

ಯುಎಇಯಲ್ಲಿ 2018ರ ಜನವರಿ 1ರಿಂದ ಶೇ. 5 ವ್ಯಾಟ್ ಜಾರಿಯಲ್ಲಿದೆ. ಪ್ರತಿ ಟ್ಯಾಕ್ಸ್ ಇನ್‌ವಾಯ್ಸ್‌ಗೂ ಕ್ರಮಸಂಖ್ಯೆ, ಇಲ್ಲವೇ ಸರಣಿಯಲ್ಲಿ ಅದರ ಸ್ಥಾನ ತಿಳಿಸುವ ಪ್ರತ್ಯೇಕ ಸಂಖ್ಯೆ ಇರಬೇಕೆಂದು ನಿಯಮ ಹೇಳುತ್ತದೆ. ಸಣ್ಣ ಅಂಗಡಿ, ಗ್ಯಾರೇಜು ನಡೆಸುವ ನಮ್ಮವರಲ್ಲಿ ಕೆಲವರಿಗೆ ಇದು ಬರೀ ಔಪಚಾರಿಕತೆ ಅನ್ನಿಸಬಹುದು. ಆದರೆ ಆಡಿಟ್ ಮಾಡುವವರಿಗೆ ಮಾರಾಟ ಮುಚ್ಚಿಟ್ಟಿದ್ದಾರೆಯೇ ಎಂದು ತಿಳಿಯಲು ಇರುವ ಸುಲಭ ದಾರಿಯೇ ಈ ನಂಬರು.

ಉದಾಹರಣೆಗೆ, ಶಾರ್ಜಾದ ಒಂದು ಎಸಿ ರಿಪೇರಿ ಅಂಗಡಿ ಎಂದಿಟ್ಟುಕೊಳ್ಳಿ. ಜನವರಿಯಿಂದ ಮಾರ್ಚ್‌ವರೆಗೆ ಮೊದಲ ಬಿಲ್ 301, ಕೊನೆಯದು 420. ಅಂದರೆ 120 ಬಿಲ್ ಇರಬೇಕು. ಲೆಕ್ಕದಲ್ಲಿರುವುದು 117. ಇಲ್ಲದಿರುವುದು 318, 362 ಮತ್ತು 405.

318ರ ಮೂಲ ಹಾಳೆ, ಕಾರ್ಬನ್ ಪ್ರತಿ ಎರಡೂ ಬುಕ್ಕಿನಲ್ಲೇ ಇವೆ. ಅಡ್ಡಗೆರೆ ಎಳೆದು 'ಕ್ಯಾನ್ಸಲ್, ಬದಲಿಗೆ 319' ಎಂದು ಬರೆದಿದೆ. ಪ್ರಶ್ನೆ ಅಲ್ಲಿಗೇ ಮುಗಿಯಿತು.

362ರ ಹಾಳೆಯನ್ನು ತಪ್ಪಾಯಿತೆಂದು ಹರಿದು ಬಿಸಾಡಿದ್ದಾರೆ. ಅದೇ ದಿನ ಅದೇ ಗಿರಾಕಿಗೆ 363 ಕೊಟ್ಟಿದ್ದಾರೆ. ವಿವರಿಸಬಹುದು, ಆದರೆ ಕೈಯಲ್ಲಿ ಸಾಕ್ಷಿ ಇಲ್ಲ.

405 ಎಲ್ಲೂ ಇಲ್ಲ. ಆದರೆ ಆ ವಾರದ ಜಾಬ್ ಕಾರ್ಡಿನಲ್ಲಿ ಒಂದು ವಿಲ್ಲಾಕ್ಕೆ ಕಂಪ್ರೆಸರ್ ಹಾಕಿ ವ್ಯಾಟ್ ಸೇರಿ 2,100 ದಿರ್ಹಂ ನಗದು ಪಡೆದದ್ದು ಬರೆದಿದೆ. ಇದರಲ್ಲಿ ವ್ಯಾಟ್ 100 ದಿರ್ಹಂ. ಅದನ್ನು ಗಿರಾಕಿಯಿಂದ ಪಡೆದಾಗಿದೆ, ಸರಕಾರಕ್ಕೆ ಕಟ್ಟಿಲ್ಲ. ನೂರು ದಿರ್ಹಂ ದೊಡ್ಡದಲ್ಲ. ಆದರೆ ಇನ್ನು ಉಳಿದ ನಗದು ವ್ಯವಹಾರವನ್ನೂ ಕೆದಕುತ್ತಾರೆ, ದಂಡದ ಮಾತೂ ಬರುತ್ತದೆ. ಮೊದಲೇ ಉತ್ತರವಿಲ್ಲದ 362ರ ಮೇಲೂ ಈಗ ಅದೇ ಸಂಶಯ ಬೀಳುತ್ತದೆ.

ಖಾಲಿ ಜಾಗಕ್ಕೆ ಆಮೇಲೆ ಬಿಲ್ ಬರೆದು ತುಂಬಿಸುವ ಯೋಚನೆ ಬೇಡ. ಮಾರ್ಚ್‌ನ 404 ಮತ್ತು 406ರ ನಡುವೆ ಜೂನ್ ತಾರೀಕಿನ ಬಿಲ್ ಕೂತರೆ ಎದ್ದು ಕಾಣುತ್ತದೆ. ಹಳೆಯ ತಾರೀಕು ಹಾಕಿದರೆ ಅದು ಸುಳ್ಳು ದಾಖಲೆ.

ಕಂಪ್ಯೂಟರಿನಲ್ಲಿ ಬಿಲ್ ಮಾಡುವವರೂ 'ಡಿಲೀಟ್' ಒತ್ತಬಾರದು, 'ವಾಯ್ಡ್' ಮಾಡಬೇಕು. ಆಗ ನಂಬರು ಉಳಿಯುತ್ತದೆ, ಮೊತ್ತ ಮಾತ್ರ ಸೊನ್ನೆಯಾಗುತ್ತದೆ. ಬಿಲ್ ಗಿರಾಕಿಯ ಕೈಸೇರಿದ್ದರೆ ವಾಯ್ಡ್ ಕೂಡ ಸರಿಯಲ್ಲ. ಮಾಲು ವಾಪಸಾದರೆ ಅಥವಾ ಮೊತ್ತ ಇಳಿದರೆ ಟ್ಯಾಕ್ಸ್ ಕ್ರೆಡಿಟ್ ನೋಟ್ ಕೊಡಬೇಕು. ಅದರಲ್ಲಿ ಮೂಲ ಬಿಲ್ಲಿನ ನಂಬರು ಬರೆದಿರಲಿ.

ಕೆಲವು ಕಡೆ ಕೊಟೇಶನ್ನಿಗೂ ಇನ್‌ವಾಯ್ಸಿಗೂ ಒಂದೇ ಸರಣಿ ಬಳಸುತ್ತಾರೆ. ಗಿರಾಕಿ ಒಪ್ಪದ ಪ್ರತಿ ಕೊಟೇಶನ್ ಆಗ ಒಂದು ಖಾಲಿ ನಂಬರಾಗುತ್ತದೆ. ಕೊಟೇಶನ್ನಿಗೆ Q-001, ಬಿಲ್ಲಿಗೆ INV-001 ಎಂದು ಬೇರೆ ಮಾಡಿದರೆ ಈ ತೊಂದರೆಯಿಲ್ಲ. ಎರಡು ಬ್ರಾಂಚ್ ಇದ್ದರೂ ಹೀಗೆಯೇ, ಒಂದೊಂದಕ್ಕೆ ಒಂದು ಅಕ್ಷರ, ಒಂದು ಸರಣಿ.

ಪ್ರತಿ ವ್ಯಾಟ್ ರಿಟರ್ನ್ ಸಲ್ಲಿಸುವ ಮುಂಚೆ ಕೊನೆಯ ನಂಬರಿನಿಂದ ಮೊದಲ ನಂಬರು ಕಳೆದು ಒಂದು ಕೂಡಿಸಿ. ಆ ಸಂಖ್ಯೆ ನಿಮ್ಮ ಬಿಲ್‌ಗಳ ಎಣಿಕೆಗೆ ಹೊಂದದಿದ್ದರೆ ಕಾಣೆಯಾದದ್ದು ಯಾವುದು, ಏಕೆ ಎಂದು ಅಂದೇ ಬರೆದಿಡಿ. ಕ್ಯಾನ್ಸಲ್ ಆದ ಹಾಳೆಗಳನ್ನೂ ಉಳಿದ ಬಿಲ್‌ಗಳ ಜೊತೆಗೇ ಕನಿಷ್ಠ 5 ವರ್ಷ ಕಾಪಿಡಿ. ಐದು ವರ್ಷದ ನಂತರ ಆ ಹಾಳೆ ಯಾಕೆ ಹರಿದೆವೆಂದು ಯಾರಿಗೆ ನೆನಪಿರುತ್ತದೆ?